ನಿಫ್ಟಿ ಮೂರೇ ದಿನಕ್ಕೆ ವಾಪಸು ಬಂತು, ಖಾತೆಯ ದುಡ್ಡು ಬರಲಿಲ್ಲ

2024ರ ಜೂನ್ 3, ಸೋಮವಾರ. ನಿಫ್ಟಿ 23,263.90ಕ್ಕೆ ಮುಗಿಯಿತು. ಮರುದಿನ ಲೋಕಸಭಾ ಚುನಾವಣೆಯ ಮತ ಎಣಿಕೆ. ಅಂದು ನಿಫ್ಟಿ 21,281.45ರವರೆಗೆ ಜಾರಿ, ಸ್ವಲ್ಪ ಚೇತರಿಸಿಕೊಂಡು 21,884.50ಕ್ಕೆ ನಿಂತಿತು. ಒಂದೇ ದಿನದಲ್ಲಿ 1,379.40 ಅಂಶ, ಅಂದರೆ 5.93% ಇಳಿಕೆ. ಬುಧವಾರ 22,620.35, ಗುರುವಾರ 22,821.40. ಶುಕ್ರವಾರ, ಜೂನ್ 7ರಂದು 23,290.15. ಸೋಮವಾರ ಎಲ್ಲಿತ್ತೋ ಅದಕ್ಕಿಂತ 26 ಅಂಶ ಮೇಲೆಯೇ ಇತ್ತು.

ಇಂದು ಆ ವರ್ಷದ ಚಾರ್ಟ್ ತೆರೆದು ನೋಡಿದರೆ ಜೂನ್ 4 ಒಂದು ಉದ್ದನೆಯ ಕೆಂಪು ಕ್ಯಾಂಡಲ್, ಅಷ್ಟೇ. ಸೋಮವಾರ ಮ್ಯೂಚುವಲ್ ಫಂಡ್‌ನಲ್ಲಿ ಒಂದು ಲಕ್ಷ ಇಟ್ಟು ವಾರವಿಡೀ ಆ ಕಡೆ ತಿರುಗಿ ನೋಡದವರಿಗೆ ಏನೂ ಆಗಲಿಲ್ಲ. ಅದೇ ಒಂದು ಲಕ್ಷವನ್ನು ಫ್ಯೂಚರ್ಸ್, ಅಂದರೆ ಮುಂದಿನ ದಿನಾಂಕವೊಂದಕ್ಕೆ ಇಂದೇ ಬೆಲೆ ಗೊತ್ತು ಮಾಡಿಕೊಳ್ಳುವ ಒಪ್ಪಂದಗಳ, ಖಾತೆಯಲ್ಲಿಟ್ಟು ನಿಫ್ಟಿ ಏರುತ್ತದೆಂದು ಒಂದು ಲಾಟ್ ಕೊಂಡವರ ಲೆಕ್ಕ ಬೇರೆ. ಅವರ ಅಂದಾಜು ಶುಕ್ರವಾರದ ಹೊತ್ತಿಗೆ ಸರಿಯಾಗಿಯೇ ಇತ್ತು. ಆದರೂ ಅವರಲ್ಲಿ ಕೆಲವರು ಮಂಗಳವಾರ ಮಧ್ಯಾಹ್ನವೇ ಅರ್ಧ ದುಡ್ಡು ಕಳೆದುಕೊಂಡು ಹೊರಬೀಳಬೇಕಾಗುವಂಥ ಸ್ಥಿತಿ ಅದು. ಇದು ಹೇಗೆ ಆಗುತ್ತದೆ ಎಂಬುದನ್ನು ಅದೇ ಐದು ದಿನಗಳ ಅಂಕಿಗಳಿಟ್ಟುಕೊಂಡು ಬಿಡಿಸಿ ನೋಡೋಣ. ಫ್ಯೂಚರ್ಸ್ ಬೆಲೆ ಸೂಚ್ಯಂಕಕ್ಕಿಂತ ಕೊಂಚ ಆಚೀಚೆ ಇರುತ್ತದೆ. ಲೆಕ್ಕ ಸುಲಭವಾಗಲೆಂದು ಇಲ್ಲಿ ಸೂಚ್ಯಂಕದ ಅಂಕಿಯನ್ನೇ ಬಳಸಿದ್ದೇನೆ. ಬ್ರೋಕರೇಜ್, ತೆರಿಗೆಗಳನ್ನೂ ಬಿಟ್ಟಿದ್ದೇನೆ.

ಕೊಂಡದ್ದು ಎಷ್ಟರ ಸರಕು?

ಆಗ ನಿಫ್ಟಿಯ ಒಂದು ಲಾಟ್, ಅಂದರೆ ಕನಿಷ್ಠ ಕೊಳ್ಳಬೇಕಾದ ಪ್ರಮಾಣ, 25 ಯೂನಿಟ್. ಸೋಮವಾರದ ಬೆಲೆಗೆ ಗುಣಿಸಿದರೆ 23,263.90 × 25, ಅಂದರೆ ಸುಮಾರು ₹5,81,600. ಇದು ಕಾಂಟ್ರ್ಯಾಕ್ಟ್‌ನ ಪೂರ್ತಿ ಮೌಲ್ಯ. ನಿಫ್ಟಿ ಒಂದು ಅಂಶ ಏರಿದರೆ ಖಾತೆಗೆ ₹25 ಬರುತ್ತದೆ, ಒಂದು ಅಂಶ ಇಳಿದರೆ ₹25 ಹೋಗುತ್ತದೆ. ಖಾತೆಯಲ್ಲಿ ಎಷ್ಟು ದುಡ್ಡಿದೆ ಎಂಬುದನ್ನು ಈ ಲೆಕ್ಕ ಕೇಳುವುದೇ ಇಲ್ಲ. ಲಾಭ ನಷ್ಟ ಎರಡೂ ಐದು ಲಕ್ಷದ ಎಂಬತ್ತೊಂದು ಸಾವಿರದ ಮೇಲೆಯೇ ನಡೆಯುತ್ತವೆ.

ಖಾತೆಯಲ್ಲಿರುವುದು ಒಂದು ಲಕ್ಷ. ಮೌಲ್ಯವನ್ನು ಅದರಿಂದ ಭಾಗಿಸಿದರೆ 5.8 ಬರುತ್ತದೆ. ಲಿವರೇಜ್ ಎಂದರೆ ಈ ಸಂಖ್ಯೆ. ನಿಫ್ಟಿ 1% ಅಲುಗಾಡಿದರೆ ಖಾತೆ 5.8% ಅಲುಗಾಡುತ್ತದೆ. 1% ಎಂದರೆ ಆ ಮಟ್ಟದಲ್ಲಿ ಸುಮಾರು 233 ಅಂಶ, ವಿಶೇಷವೇನೂ ಇಲ್ಲದ ದಿನಗಳಲ್ಲೂ ಕಾಣುವ ಏರಿಳಿತ. ಚಾರ್ಟ್‌ನಲ್ಲಿ ಅದು ಕಣ್ಣಿಗೆ ಬೀಳದಷ್ಟು ಚಿಕ್ಕ ಕ್ಯಾಂಡಲ್, ಖಾತೆಯಲ್ಲಿ ₹5,800. ಚಾರ್ಟ್ ತೋರಿಸುವುದು ಸೂಚ್ಯಂಕದ ಶೇಕಡಾವಾರು ಬದಲಾವಣೆಯನ್ನು. ನಿಮ್ಮ ಗುಣಕ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಕಣ್ಣಿಗೆ ಚಿಕ್ಕದಾಗಿ ಕಂಡದ್ದನ್ನು ಪ್ರತಿ ಸಲವೂ ಮನಸ್ಸಿನಲ್ಲೇ 5.8ರಿಂದ ಗುಣಿಸಿಕೊಳ್ಳಬೇಕು. ಬಹಳಷ್ಟು ಮಂದಿ ತಪ್ಪುವುದು ಇಲ್ಲೇ.

ಮಾರ್ಜಿನ್ ಎಂದರೆ ಕೊಂಡ ಬೆಲೆಯಲ್ಲ

₹5.8 ಲಕ್ಷದ ಸರಕಿಗೆ ಎಕ್ಸ್‌ಚೇಂಜ್ ಪೂರ್ತಿ ಹಣ ಕೇಳುವುದಿಲ್ಲ. ಅದು ಕೇಳುವ ಮಾರ್ಜಿನ್ ಮುಖ್ಯವಾಗಿ ಎರಡು ಭಾಗಗಳಲ್ಲಿರುತ್ತದೆ. ಮೊದಲನೆಯದು ಸ್ಪ್ಯಾನ್ ಮಾರ್ಜಿನ್. ಬೆಲೆ ಇಷ್ಟು ಏರಿದರೆ, ಇಷ್ಟು ಇಳಿದರೆ, ಏರಿಳಿತದ ವೇಗ ಹೆಚ್ಚಿದರೆ, ತಗ್ಗಿದರೆ ಎಂದು 16 ಸನ್ನಿವೇಶಗಳನ್ನು ಲೆಕ್ಕ ಹಾಕಿ, ಅವುಗಳಲ್ಲಿ ಅತಿ ಹೆಚ್ಚು ನಷ್ಟ ಎಲ್ಲಿ ಬರುತ್ತದೋ ಅಷ್ಟನ್ನು ಮೊದಲೇ ತೆಗೆದಿಡಿಸುವ ವಿಧಾನ ಅದು. ಅದರ ಮೇಲೆ ಎಕ್ಸ್‌ಪೋಷರ್ ಮಾರ್ಜಿನ್ ಎಂದು ಇನ್ನೊಂದು ಚಿಕ್ಕ ಪಾಲು. ಎರಡೂ ಸೇರಿ ಮೌಲ್ಯದ 12% ಎಂದು ಇಟ್ಟುಕೊಳ್ಳೋಣ. ನಮ್ಮ ಲಾಟ್‌ಗೆ ಸುಮಾರು ₹70,000 ಆಯಿತು. ನಿಜವಾದ ಪ್ರಮಾಣ ದಿನದಿಂದ ದಿನಕ್ಕೆ ಬದಲಾಗುತ್ತದೆ. ಆರ್ಡರ್ ಹಾಕುವ ಮೊದಲು ಬ್ರೋಕರ್‌ನ ಮಾರ್ಜಿನ್ ಕ್ಯಾಲ್ಕುಲೇಟರ್‌ನಲ್ಲಿ ಅಂದಿನ ಅಂಕಿಯನ್ನು ನೋಡಬಹುದು.

ಈ ಎಪ್ಪತ್ತು ಸಾವಿರವನ್ನು ಹಲವರು ಸೈಟ್ ಕೊಳ್ಳುವಾಗ ಕೊಡುವ ಅಡ್ವಾನ್ಸ್‌ನಂತೆ ಭಾವಿಸುತ್ತಾರೆ. ಬೇಡವೆನಿಸಿದರೆ ಅಡ್ವಾನ್ಸ್ ಬಿಟ್ಟು ಎದ್ದು ಹೋದರಾಯಿತು, ಅದಕ್ಕಿಂತ ಹೆಚ್ಚು ಹೋಗುವುದಿಲ್ಲ ಎಂಬ ಎಣಿಕೆ. ಮಾರ್ಜಿನ್ ಹಾಗಲ್ಲ. ಅದನ್ನು ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ ಕೊಡುವ ಅಡ್ವಾನ್ಸ್‌ಗೆ ಹೋಲಿಸಿದರೆ ಹೆಚ್ಚು ಸರಿ. ದುಡ್ಡು ನಿಮ್ಮದೇ, ಮನೆ ಬಿಡುವಾಗ ವಾಪಸು ಬರಬೇಕಾದದ್ದು. ಆದರೆ ಹಾಳಾದದ್ದನ್ನೆಲ್ಲ ಅದರಲ್ಲೇ ಮುರಿದುಕೊಳ್ಳುತ್ತಾರೆ. ಒಂದೇ ವ್ಯತ್ಯಾಸ, ಇಲ್ಲಿ ಮಾಲೀಕ ಪ್ರತಿ ಸಂಜೆ ಬಂದು ಲೆಕ್ಕ ನೋಡುತ್ತಾನೆ. ಮುರಿದುಕೊಂಡಷ್ಟನ್ನು ತಕ್ಷಣ ತುಂಬಿಸು ಎನ್ನುತ್ತಾನೆ, ತುಂಬಿಸದಿದ್ದರೆ ಮನೆ ಖಾಲಿ ಮಾಡಿಸುತ್ತಾನೆ. ಹಾನಿ ಅಡ್ವಾನ್ಸ್ ಮೀರಿದರೆ ಮಿಕ್ಕದ್ದೂ ನಿಮ್ಮ ಸಾಲವೇ. ಫ್ಯೂಚರ್ಸ್ ಖಾತೆ ಸೊನ್ನೆಗಿಂತ ಕೆಳಗೆ ಹೋಗಬಹುದು, ಹೋದ ಹಣವನ್ನು ಬ್ರೋಕರ್‌ಗೆ ಕಟ್ಟಬೇಕು.

ಆಪ್ಷನ್, ಅಂದರೆ ಗೊತ್ತಾದ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕನ್ನು, ಕೊಳ್ಳುವವರಿಗೆ ಈ ಭಯವಿಲ್ಲ. ಅವರು ಆ ಹಕ್ಕಿನ ಬೆಲೆಯಾದ ಪ್ರೀಮಿಯಂ ಪೂರ್ತಿ ಕೊಟ್ಟಿರುತ್ತಾರೆ, ಹೋದರೆ ಅಷ್ಟೇ ಹೋಗುತ್ತದೆ. ಆಪ್ಷನ್ ಮಾರುವವರು ಮಾತ್ರ ಫ್ಯೂಚರ್ಸ್‌ನವರಂತೆಯೇ ಮಾರ್ಜಿನ್ ಇಡಬೇಕು. ಮುಂದೆ ಹೇಳುವುದು ಬಹುತೇಕ ಅವರಿಗೂ ಅನ್ವಯಿಸುತ್ತದೆ.

ಉಳಿದ ಮೂವತ್ತು ಸಾವಿರ

ನಮ್ಮ ಖಾತೆಯಲ್ಲಿ ಒಂದು ಲಕ್ಷವಿದೆ, ಎಪ್ಪತ್ತು ಸಾವಿರ ಮಾರ್ಜಿನ್‌ಗೆ ಹೋಯಿತು. ಉಳಿದದ್ದು ಮೂವತ್ತು ಸಾವಿರ. ಈ ವ್ಯವಹಾರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಕಿ ಇದೇ. ಅದನ್ನು 25ರಿಂದ ಭಾಗಿಸಿದರೆ 1,200. ನಿಫ್ಟಿ 1,200 ಅಂಶ ಇಳಿಯುವವರೆಗೆ ನೀವು ಸುರಕ್ಷಿತ, ಅದಾದ ಮೇಲೆ ಮಾರ್ಜಿನ್ ಕೊರತೆ ಶುರು. ಶೇಕಡಾವಾರು ಹೇಳಿದರೆ 5.2%.

ಖಾತೆಯಲ್ಲಿ ₹80,000 ಮಾತ್ರ ಇದ್ದಿದ್ದರೆ? ಉಳಿಕೆ ಹತ್ತು ಸಾವಿರ, 25ರಿಂದ ಭಾಗಿಸಿದರೆ 400 ಅಂಶ, 1.7%. ಚುನಾವಣೆ ಫಲಿತಾಂಶ ಬೇಕಿಲ್ಲ, ಸಾಧಾರಣ ಕೆಟ್ಟ ದಿನವೊಂದು ಸಾಕು. ಎರಡು ಲಕ್ಷ ಇದ್ದಿದ್ದರೆ 5,200 ಅಂಶ, 22%. ಲಾಟ್ ಅದೇ, ಚಾರ್ಟ್ ಅದೇ, ಮಾರ್ಜಿನ್ ಅದೇ. ಆದರೂ ಮೂವರ ಆಯುಷ್ಯ ಮೂರು ಬಗೆ. ಮಾರ್ಜಿನ್ ಪ್ರಮಾಣ ಹೇಳುವುದು ಗರಿಷ್ಠ ಎಷ್ಟು ಲಿವರೇಜ್ ಸಿಗುತ್ತದೆ ಎಂಬುದನ್ನು. 12% ಎಂದರೆ ಎಂಟು ಪಟ್ಟಿಗಿಂತ ಸ್ವಲ್ಪ ಹೆಚ್ಚು. ನಿಜಕ್ಕೂ ಎಷ್ಟು ಲಿವರೇಜ್ ತೆಗೆದುಕೊಂಡಿದ್ದೀರಿ ಎಂಬುದು ಖಾತೆಯಲ್ಲಿ ಒಟ್ಟು ಎಷ್ಟು ಇಟ್ಟಿದ್ದೀರಿ ಎಂಬುದರ ಮೇಲೆ ನಿಲ್ಲುತ್ತದೆ. ಅದನ್ನು ತೀರ್ಮಾನಿಸುವವರು ನೀವು.

ಮಂಗಳವಾರ

ಬೆಳಗ್ಗೆ ಎಣಿಕೆ ಶುರುವಾದ ಮೇಲೆ ನಿಫ್ಟಿ ಇಳಿಯುತ್ತಾ ಹೋಯಿತು. ಸುಮಾರು 22,064 ಮುಟ್ಟಿದಾಗ ನಮ್ಮ 1,200 ಅಂಶ ಮುಗಿಯಿತು. ಅಲ್ಲಿಗೂ ನಿಲ್ಲದೆ 21,281.45ಕ್ಕೆ ಬಂತು. ಸೋಮವಾರದ ಮುಕ್ತಾಯದಿಂದ 1,982.45 ಅಂಶ ಕೆಳಗೆ, 8.5%. ಅದನ್ನು 25ರಿಂದ ಗುಣಿಸಿದರೆ ₹49,561. ಒಂದು ಲಕ್ಷದ ಖಾತೆಯಲ್ಲಿ ಉಳಿದದ್ದು ₹50,439. ಸೂಚ್ಯಂಕ 10% ಕುಸಿದರೆ ಇಡೀ ಪೇಟೆಯ ವಹಿವಾಟನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಸರ್ಕ್ಯೂಟ್ ಬ್ರೇಕರ್ ಇದೆ. ಅಂದು ಅದಕ್ಕೆ ಇನ್ನೂ ಒಂದೂವರೆ ಶೇಕಡಾ ಬಾಕಿಯಿತ್ತು. ಹಾಗಾಗಿ ಉಸಿರು ಬಿಡಲು ಬಿಡುವೂ ಸಿಗಲಿಲ್ಲ.

ಮಾರ್ಜಿನ್ ಕೊರತೆಯಾದಾಗ ಬ್ರೋಕರ್‌ನ ರಿಸ್ಕ್ ವಿಭಾಗ ಸಂದೇಶ ಕಳಿಸುತ್ತದೆ, ಆದರೆ ನಿಮ್ಮ ಉತ್ತರಕ್ಕೆ ಕಾಯಲೇಬೇಕೆಂದಿಲ್ಲ. ಖಾತೆ ತೆರೆಯುವಾಗ ಸಹಿ ಹಾಕಿದ ಕಾಗದಗಳಲ್ಲೇ ಪೊಸಿಷನ್ ಮಾರಿ ಮುಗಿಸುವ ಹಕ್ಕು ಅವರಿಗೆ ಬಂದಿರುತ್ತದೆ. ಇದಕ್ಕೆ ಸ್ಕ್ವೇರ್ ಆಫ್ ಎನ್ನುತ್ತಾರೆ. ಅವರು ಮಾರುವುದು ನಿಮಗೆ ಅನುಕೂಲವಾದ ಬೆಲೆಗಲ್ಲ, ಆ ಕ್ಷಣಕ್ಕೆ ಸಿಕ್ಕ ಬೆಲೆಗೆ. ಅಂಥದೇ ಸ್ಥಿತಿಯಲ್ಲಿರುವ ಖಾತೆಗಳು ಅನೇಕ ಇರುತ್ತವೆ, ಎಲ್ಲವೂ ಒಟ್ಟಿಗೆ ಮಾರಾಟಕ್ಕೆ ಬರುತ್ತವೆ. ಆದ್ದರಿಂದ ಬಲವಂತದ ಮಾರಾಟ ದಿನದ ತಳದ ಹತ್ತಿರವೇ ಆಗುವ ಸಂಭವ ಹೆಚ್ಚು.

ಬ್ರೋಕರ್ ಮುಟ್ಟಲಿಲ್ಲ ಎಂದುಕೊಂಡರೆ, ಸಂಜೆಯ ಲೆಕ್ಕ ಬಂತು. ಫ್ಯೂಚರ್ಸ್‌ನಲ್ಲಿ ಪ್ರತಿ ದಿನದ ಲಾಭ ನಷ್ಟವನ್ನು ಅಂದಂದೇ ತೀರಿಸುತ್ತಾರೆ. ಇದು ಮಾರ್ಕ್ ಟು ಮಾರ್ಕೆಟ್, ಎಲ್ಲರ ಬಾಯಲ್ಲಿ ಎಂಟಿಎಂ. ಕೊನೆಯ ಅರ್ಧ ಗಂಟೆಯ ಸರಾಸರಿ ಬೆಲೆಯನ್ನು ಅಂದಿನ ಸೆಟಲ್‌ಮೆಂಟ್ ಬೆಲೆ ಎಂದು ಹಿಡಿಯುತ್ತಾರೆ. ನಮ್ಮ ಲೆಕ್ಕದಲ್ಲಿ 1,379.40 × 25 = ₹34,485 ಖಾತೆಯಿಂದ ನಗದಾಗಿ ಹೋಯಿತು. ಷೇರು ಇಟ್ಟುಕೊಂಡವರಿಗೆ ಇದು ಕಾಗದದ ಮೇಲಿನ ನಷ್ಟ. ಇಲ್ಲಿ ಹಾಗಿಲ್ಲ, ದುಡ್ಡು ಎದುರು ಪಕ್ಷದವರ ಖಾತೆಗೆ ಸೇರಿರುತ್ತದೆ. ಉಳಿದದ್ದು ₹65,515. ನಿಫ್ಟಿ ಬಿದ್ದದ್ದು 5.93%, ಖಾತೆ ಬಿದ್ದದ್ದು 34.5%. ಆ 5.8ರ ಗುಣಕ ಚಾಚೂ ತಪ್ಪದೆ ಕೆಲಸ ಮಾಡಿದೆ.

ನೀವೇನೂ ಮಾಡದೆ ಹೆಚ್ಚುವ ಲಿವರೇಜ್

ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಮಂಗಳವಾರ ಸಂಜೆಯ ಬೆಲೆಗೆ ಲಾಟ್‌ನ ಮೌಲ್ಯ ₹5,47,112. ಖಾತೆಯಲ್ಲಿರುವುದು ₹65,515. ಭಾಗಿಸಿ ನೋಡಿ, 8.35. ಸೋಮವಾರ 5.8 ಇದ್ದ ಲಿವರೇಜ್ ಒಂದೂ ಆರ್ಡರ್ ಹಾಕದೆ 8.35 ಆಗಿದೆ. ಮಧ್ಯಾಹ್ನದ ತಳದಲ್ಲಂತೂ 10.5 ಮುಟ್ಟಿತ್ತು. ಸರಕಿನ ಮೌಲ್ಯ ನಿಧಾನಕ್ಕೆ ಇಳಿಯುತ್ತದೆ, ಖಾತೆಯ ದುಡ್ಡು ಅದರ ಹಲವು ಪಟ್ಟು ವೇಗದಲ್ಲಿ ಕರಗುತ್ತದೆ. ಹೀಗಾಗಿ ಭಾಗಲಬ್ಧ ಏರುತ್ತಲೇ ಹೋಗುತ್ತದೆ. ಸೋಮವಾರ 1% ಇಳಿಕೆಗೆ 5.8% ಕಳೆದುಕೊಳ್ಳುತ್ತಿದ್ದ ಅದೇ ಖಾತೆ ಬುಧವಾರ ಬೆಳಗ್ಗೆ 1% ಇಳಿಕೆಗೆ 8% ದಾಟಿ ಕಳೆದುಕೊಳ್ಳಲು ಸಿದ್ಧವಾಗಿ ಕುಳಿತಿದೆ. ಸೋಲುತ್ತಾ ಹೋದ ಹಾಗೆ ಪಣದ ಗಾತ್ರ ತಾನಾಗಿ ದೊಡ್ಡದಾಗುತ್ತಿದೆ.

ಇದರ ಮೇಲೆ ಮಾರ್ಜಿನ್ ಕೂಡ ಸುಮ್ಮನಿರುವುದಿಲ್ಲ. ಹಳೆಯ 12% ಪ್ರಕಾರವೇ ₹5,47,112ಕ್ಕೆ ₹65,653 ಬೇಕು, ಖಾತೆಯಲ್ಲಿ ₹138 ಕಮ್ಮಿ. ಆದರೆ ಏರಿಳಿತ ಹೆಚ್ಚಾದಾಗ ಸ್ಪ್ಯಾನ್ ಲೆಕ್ಕ ಇನ್ನೂ ದೊಡ್ಡ ನಷ್ಟವನ್ನು ಊಹಿಸುತ್ತದೆ, ಮಾರ್ಜಿನ್ ಪ್ರಮಾಣ ಏರುತ್ತದೆ. ಉದಾಹರಣೆಗೆ 15% ಆಯಿತೆಂದುಕೊಳ್ಳಿ, ₹82,067 ಬೇಕಾಗುತ್ತದೆ. ಆಗ ತುಂಬಿಸಬೇಕಾದದ್ದು ಹದಿನಾರು ಸಾವಿರದ ಐನೂರಕ್ಕೂ ಹೆಚ್ಚು. ಎರಡು ಬಾಗಿಲೂ ಒಟ್ಟಿಗೆ ಮುಚ್ಚುತ್ತವೆ. ನಿಮ್ಮ ಬಳಿ ದುಡ್ಡು ಕಡಿಮೆಯಾದ ದಿನವೇ ಎಕ್ಸ್‌ಚೇಂಜ್ ಹೆಚ್ಚು ಕೇಳುತ್ತದೆ. ಎಕ್ಸ್‌ಚೇಂಜ್ ಕಡೆಯಿಂದ ನೋಡಿದರೆ ಇದು ಸರಿಯೇ, ಎದುರು ಪಕ್ಷಕ್ಕೆ ಹಣ ಕೊಡಿಸುವ ಹೊಣೆ ಅದರ ಕ್ಲಿಯರಿಂಗ್ ವ್ಯವಸ್ಥೆಯ ಮೇಲಿದೆ. ಆದರೆ ಅದಕ್ಕೆ ಸಿದ್ಧರಾಗಿರದವರು ಬುಧವಾರ ಬೆಳಗ್ಗೆ ಹಣ ತುಂಬಿಸಬೇಕು, ಇಲ್ಲವೇ ಮಾರಬೇಕು. ಮಾರಿದವರಿಗೆ ಶುಕ್ರವಾರದ 23,290 ಸಿಗಲಿಲ್ಲ. ಹೇಗೋ ಸಂಭಾಳಿಸಿ ಇಟ್ಟುಕೊಂಡಿದ್ದವರ ಖಾತೆಯಲ್ಲಿ ಶುಕ್ರವಾರ ₹1,00,656 ಇರುತ್ತಿತ್ತು. ತಳದಲ್ಲಿ ಹೊರಬಿದ್ದವರಲ್ಲಿ ₹50,439.

ಆ ಐವತ್ತು ಸಾವಿರದಿಂದ ಮತ್ತೆ ಒಂದು ಲಕ್ಷಕ್ಕೆ ಬರಲು ದುಡ್ಡು ದುಪ್ಪಟ್ಟಾಗಬೇಕು. ಅದಕ್ಕಿಂತ ಮೊದಲಿನ ಅಡ್ಡಿ ಎಂದರೆ, ಅಷ್ಟು ದುಡ್ಡಿಗೆ ಹೊಸ ಲಾಟ್ ಸಿಗುವುದೇ ಇಲ್ಲ. ಮಾರ್ಜಿನ್‌ಗೇ ಸಾಲದು.

ಗೆದ್ದ ದುಡ್ಡನ್ನೇ ಮಾರ್ಜಿನ್ ಮಾಡಿದಾಗ

ಜೂನ್ 4ರಂದು ಅತಿ ಹೆಚ್ಚು ಪೆಟ್ಟು ತಿನ್ನುವ ಸ್ಥಿತಿಯಲ್ಲಿದ್ದವರು ಸೋಮವಾರ ಗೆದ್ದವರು. ಮತಗಟ್ಟೆ ಸಮೀಕ್ಷೆಗಳ ನಂತರ ಜೂನ್ 3ರಂದು ನಿಫ್ಟಿ 22,530.70ರಿಂದ 733.20 ಅಂಶ ಏರಿತ್ತು. ಅದರ ಹಿಂದಿನ ಶುಕ್ರವಾರ, ಮೇ 31ರ ಬೆಲೆಗೆ ಒಂದು ಲಾಟ್ ಕೊಂಡು ಖಾತೆಯಲ್ಲಿ ₹1,25,000 ಇಟ್ಟಿದ್ದವರಿಗೆ ಸೋಮವಾರದ ಎಂಟಿಎಂನಲ್ಲಿ ₹18,330 ಜಮೆಯಾಗುತ್ತದೆ. ಈಗ ಖಾತೆಯಲ್ಲಿ ₹1,43,330. ಎರಡು ಲಾಟ್‌ಗೆ ಬೇಕಾದ ಮಾರ್ಜಿನ್ ₹1,40,000. ಆ್ಯಪ್ ಎರಡನೆಯ ಲಾಟ್‌ಗೆ ಅನುಮತಿ ಕೊಡುತ್ತದೆ, ಪೇಟೆಯೂ ಏರುತ್ತಿದೆ, ಕೊಳ್ಳುತ್ತಾರೆ.

ಒಂದೇ ಲಾಟ್‌ನಲ್ಲಿ ನಿಂತವರಿಗೆ ಎರಡು ದಿನ ಸೇರಿ ನಷ್ಟ ₹16,155. ಸೋಮವಾರದ ಲಾಭವೇ ಅರ್ಧದಷ್ಟು ಪೆಟ್ಟನ್ನು ತಡೆದಿದೆ. ಎರಡು ಲಾಟ್‌ಗೆ ಹೋದವರಿಗೆ ಮಂಗಳವಾರ ಒಂದೇ ದಿನ ₹68,970 ಹೋಗಿ ಖಾತೆ ₹74,360ಕ್ಕೆ ಬಂತು. ದಿನದ ತಳದಲ್ಲಿ ಅದು ₹44,208 ಆಗಿತ್ತು, ಎರಡು ಲಾಟ್‌ಗಳ ಭಾರ ಹೊತ್ತು. ಎರಡನೆಯ ಲಾಟ್ ಕೊಂಡ ಕ್ಷಣದಲ್ಲಿ ಅವರ ಉಳಿಕೆ ಬರೀ ₹3,330, ಪ್ರತಿ ಅಂಶಕ್ಕೆ ಈಗ ₹50. ಅಂದರೆ 66 ಅಂಶ. ನಿಫ್ಟಿಗೆ 66 ಅಂಶ ಎಂದರೆ ಕೆಲವು ನಿಮಿಷಗಳ ಮಾತು. ಹೊಸ ಲಾಟ್ ಸೇರಿಸುವ ಮೊದಲು ಈ ಒಂದು ಭಾಗಾಕಾರ ಮಾಡಿದ್ದರೆ ಸಾಕಿತ್ತು: ಮಾರ್ಜಿನ್ ಕಳೆದು ಉಳಿದದ್ದನ್ನು ಒಟ್ಟು ಲಾಟ್‌ನ ಯೂನಿಟ್‌ಗಳ ಸಂಖ್ಯೆಯಿಂದ, ಅಂದರೆ ಪ್ರತಿ ಅಂಶಕ್ಕೆ ಬೀಳುವ ರೂಪಾಯಿಯಿಂದ ಭಾಗಿಸಿ, ಎಷ್ಟು ಅಂಶ ದೂರ ಇದ್ದೇವೆ ನೋಡುವುದು.

ಅಡವಿಟ್ಟ ಷೇರು

ಕೈಯಲ್ಲಿರುವ ಷೇರುಗಳನ್ನು ಪ್ಲೆಡ್ಜ್ ಮಾಡಿ ಮಾರ್ಜಿನ್ ಪಡೆಯುವವರು ಬಹಳ. ಇದು ಉಪಯುಕ್ತ ಸೌಲಭ್ಯ, ಆದರೆ ಮೂರು ಷರತ್ತು ಗೊತ್ತಿರಬೇಕು. ಷೇರಿನ ಪೂರ್ತಿ ಬೆಲೆ ಲೆಕ್ಕಕ್ಕೆ ಬರುವುದಿಲ್ಲ, ಹೇರ್‌ಕಟ್ ಎಂದು ಒಂದಷ್ಟು ಕಳೆದು ಉಳಿದದ್ದನ್ನು ಹಿಡಿಯುತ್ತಾರೆ. ಮಾರ್ಜಿನ್‌ನ ಅರ್ಧ ಭಾಗ ನಗದು ಅಥವಾ ನಗದಿಗೆ ಸಮಾನವಾದ ರೂಪದಲ್ಲೇ ಇರಬೇಕು. ಎಂಟಿಎಂ ನಷ್ಟವನ್ನಂತೂ ನಗದಿನಲ್ಲೇ ಕಟ್ಟಬೇಕು, ಷೇರು ಅಡವಿದೆ ಎಂದರೆ ನಡೆಯುವುದಿಲ್ಲ. ಮಂಗಳವಾರ ₹34,485 ಕಟ್ಟಬೇಕಾದವರ ಖಾತೆಯಲ್ಲಿ ನಗದು ಇಪ್ಪತ್ತು ಸಾವಿರವಿದ್ದರೆ ಉಳಿದದ್ದು ಬಾಕಿಯಾಗುತ್ತದೆ, ಅದಕ್ಕೆ ಬಡ್ಡಿ ಬೀಳುತ್ತದೆ. ಪೇಟೆಯೇ ಬಿದ್ದ ದಿನ ಅಡವಿಟ್ಟ ಷೇರಿನ ಬೆಲೆಯೂ ಬಿದ್ದಿರುತ್ತದಾದ್ದರಿಂದ ಮಾರ್ಜಿನ್ ಎರಡೂ ಕಡೆಯಿಂದ ಸವೆಯುತ್ತದೆ. ಆ್ಯಪ್‌ನಲ್ಲಿ ಲಭ್ಯ ಮಾರ್ಜಿನ್ ಎಂದು ದೊಡ್ಡದಾಗಿ ಕಾಣುವ ಮೊತ್ತದಲ್ಲಿ ನಗದು ಎಷ್ಟು, ಪ್ಲೆಡ್ಜ್‌ನಿಂದ ಬಂದದ್ದು ಎಷ್ಟು ಎಂದು ಒತ್ತಿ ಒಳಗೆ ಹೋಗಿ ನೋಡಬೇಕು.

ಸ್ಟಾಪ್‌ಲಾಸ್, ಅಂದರೆ ಬೆಲೆ ಇಷ್ಟಕ್ಕೆ ಇಳಿದರೆ ಮಾರಿಬಿಡು ಎಂಬ ಆರ್ಡರ್, ಹಾಕಿದ್ದೇನಲ್ಲ ಎನ್ನುವವರಿಗೂ ಒಂದು ಮಾತು. ಪೇಟೆ ನಡೆಯುತ್ತಿರುವಾಗ ಅದು ಬಹುಪಾಲು ಕೆಲಸ ಮಾಡುತ್ತದೆ. ಆದರೆ ರಾತ್ರಿ ಸುದ್ದಿ ಬಂದು ಬೆಳಗ್ಗೆ 300 ಅಂಶ ಕೆಳಗೆ ತೆರೆದರೆ, 100 ಅಂಶ ಕೆಳಗಿದ್ದ ನಿಮ್ಮ ಸ್ಟಾಪ್ ಆ ಬೆಲೆಯನ್ನು ನೋಡುವುದೇ ಇಲ್ಲ. ಲಿಮಿಟ್ ಬೆಲೆಯೊಂದಿಗೆ ಹಾಕಿದ ಸ್ಟಾಪ್ ಆದರೆ ಬೆಲೆ ಅದನ್ನು ಹಾರಿ ಹೋಗಿ ಆರ್ಡರ್ ಹಾಗೇ ಬಾಕಿ ಉಳಿಯಬಹುದು.

ಹಿಂದಿನಿಂದ ಮುಂದಕ್ಕೆ ಲೆಕ್ಕ

ಹಾಗಾದರೆ ಒಂದು ಲಾಟ್‌ಗೆ ಎಷ್ಟು ದುಡ್ಡು ಇಡಬೇಕು? ಮಾರ್ಜಿನ್ ಎಷ್ಟು ಎಂದು ನೋಡಿ ಶುರು ಮಾಡಿದರೆ ಉತ್ತರ ತಪ್ಪುತ್ತದೆ. ತಡೆದುಕೊಳ್ಳಬೇಕಾದ ಕೆಟ್ಟ ದಿನ ಯಾವುದು ಎಂಬುದರಿಂದ ಶುರು ಮಾಡಬೇಕು. 2020ರ ಮಾರ್ಚ್ 23ರಂದು ನಿಫ್ಟಿ 8,745.45ರಿಂದ 7,610.25ಕ್ಕೆ ಬಿತ್ತು, ಸುಮಾರು 13%. ಬೆಳಗ್ಗೆಯೇ 10% ಕುಸಿದು ವಹಿವಾಟು ನಿಂತು, ಮತ್ತೆ ಶುರುವಾದ ಮೇಲೂ ಇಳಿಯಿತು. ಅಂಥ ದಿನವನ್ನು ಬಲವಂತದ ಮಾರಾಟವಿಲ್ಲದೆ ದಾಟಬೇಕೆಂದರೆ 13% ನಷ್ಟಕ್ಕೆ, ಮೇಲೆ ಮಾರ್ಜಿನ್‌ಗೆ ಜಾಗ ಬೇಕು. ಮಾರ್ಜಿನ್ ಏರುವುದನ್ನೂ ಸೇರಿಸಿ ಅದನ್ನು 20% ಎಂದು ಹಿಡಿದರೆ ಒಟ್ಟು 33%. ಅಂದರೆ ಲಿವರೇಜ್ ಮೂರು ಪಟ್ಟು ಮೀರಬಾರದು. ₹5.8 ಲಕ್ಷದ ಲಾಟ್‌ಗೆ ಇದು ₹1.9 ಲಕ್ಷ, ಬಹುಪಾಲು ನಗದಿನಲ್ಲಿ. ಮಾರ್ಜಿನ್ ಕೇಳಿದ್ದಕ್ಕಿಂತ ಎರಡೂವರೆ ಪಟ್ಟಿಗಿಂತ ಹೆಚ್ಚು.

ಈಗಿನ ಲಾಟ್‌ಗಳಿಗೆ ಈ ಲೆಕ್ಕ ಇನ್ನೂ ಭಾರವಾಗಿದೆ. 2024ರ ಅಕ್ಟೋಬರ್‌ನಲ್ಲಿ ಸೆಬಿ ಸೂಚ್ಯಂಕ ಕಾಂಟ್ರ್ಯಾಕ್ಟ್‌ಗಳ ಕನಿಷ್ಠ ಮೌಲ್ಯವನ್ನು ₹15 ಲಕ್ಷಕ್ಕೆ ಏರಿಸಿತು, ಆ ನವೆಂಬರ್‌ನಿಂದ ಹೊಸ ನಿಫ್ಟಿ ಲಾಟ್ 25ರಿಂದ 75 ಆಯಿತು. ಎಕ್ಸ್‌ಚೇಂಜ್ ಈ ಗಾತ್ರವನ್ನು ಆಗಾಗ ಪರಿಷ್ಕರಿಸುತ್ತಿರುತ್ತದೆ, ಕೊಳ್ಳುವ ದಿನದ ಗಾತ್ರವನ್ನು ನೋಡಿಕೊಳ್ಳಬೇಕು. 75ರ ಲಾಟ್‌ನಲ್ಲಿ ಜೂನ್ 4ರಂಥ ದಿನ ಬಂದರೆ ಮುಕ್ತಾಯದ ನಷ್ಟವೇ 1,379.40 × 75 = ₹1,03,455, ದಿನದ ತಳದಲ್ಲಿ ಸುಮಾರು ₹1,48,700. ಒಂದು ಲಾಟ್‌ಗೆ ಮೂರು ಪಟ್ಟಿನ ಮಿತಿಯಲ್ಲಿ ಇಡಬೇಕಾದದ್ದು ಐದು ಲಕ್ಷಕ್ಕಿಂತ ಹೆಚ್ಚು. ಅಷ್ಟಿಲ್ಲದವರು ಗೊತ್ತಾದ ಬೆಲೆಗೆ ಮಾರುವ ಹಕ್ಕು ಕೊಡುವ ಪುಟ್ ಆಪ್ಷನ್ ಒಂದನ್ನು ಜೊತೆಗೆ ಕೊಂಡು ಇಳಿಕೆಗೆ ಗೆರೆ ಹಾಕಿಕೊಳ್ಳಬಹುದು. ಪ್ರೀಮಿಯಂ ಖರ್ಚಾಗುತ್ತದೆ, ಆದರೆ ಅದರಿಂದ ಗರಿಷ್ಠ ನಷ್ಟ ಮೊದಲೇ ಗೊತ್ತಿರುತ್ತದೆ, ಸ್ಪ್ಯಾನ್ ಲೆಕ್ಕವೂ ಅದನ್ನು ಗುರುತಿಸಿ ಮಾರ್ಜಿನ್ ತಗ್ಗಿಸುತ್ತದೆ. ಆದರೆ ಆ ಪೊಸಿಷನ್ ಮುಗಿಸುವಾಗ ಮೊದಲು ಫ್ಯೂಚರ್ಸ್ ಮಾರಬೇಕು, ಆಮೇಲೆ ಪುಟ್. ಪುಟ್ ಅನ್ನು ಮೊದಲು ಮಾರಿದರೆ ಮಾರ್ಜಿನ್ ಅದೇ ಕ್ಷಣ ಪೂರ್ತಿ ಪ್ರಮಾಣಕ್ಕೆ ಜಿಗಿಯುತ್ತದೆ, ಉಳಿಕೆ ಇಲ್ಲದ ಖಾತೆಯಲ್ಲಿ ಆ ಎರಡು ನಿಮಿಷಗಳ ಅಂತರವೇ ಕೊರತೆಯಾಗಿ ದಾಖಲಾಗಬಹುದು.